ಎಡಕ್ಕೆ ತಿರುಗಿದಾಗ ಬಿದ್ದುಹೋದ ಕೈ

ಕಳೆದ ತಿಂಗಳ ಡೆಮೊ ಬಗ್ಗೆ ಬರೆಯಲೇಬೇಕು ಅಂತ ಇತ್ತು. ಮಂಗಳೂರಿನ ನಮ್ಮ ಆಫೀಸಿನಲ್ಲಿ ಮಕ್ಕಳ ಆ್ಯಪ್ ಒಂದಕ್ಕೆ ಯಕ್ಷಗಾನದ ವೇಷವನ್ನು ಕ್ಯಾನ್ವಾಸ್ ಮೇಲೆ ಕುಣಿಸುತ್ತಿದ್ದೆವು. ಎಡಕ್ಕೆ ನೋಡಬೇಕಾದಾಗ ಅದೇ ಚಿತ್ರವನ್ನು ಮಿರರ್ ಮಾಡುತ್ತಿದ್ದೆವು, ನೆರಳಿಗೆ ಅದನ್ನೇ ಶಿಯರ್ ಮಾಡಿ ಓರೆಯಾಗಿಸುತ್ತಿದ್ದೆವು. ಬಲಕ್ಕೆ ಮುಖ ಮಾಡಿದಾಗ ಎಲ್ಲ ಸರಿಯಾಗಿತ್ತು. ಕ್ಲೈಂಟ್ ಕಡೆಯಿಂದ ಬಂದವರಲ್ಲಿ ಒಬ್ಬರು ಸ್ವತಃ ವೇಷ ಕಟ್ಟುವವರು. ಅವರು ಟ್ಯಾಬ್ಲೆಟ್ ಕೈಗೆ ತೆಗೆದುಕೊಂಡು ವೇಷವನ್ನು ಎಡಕ್ಕೆ ತಿರುಗಿಸಿ, "ಎಂತ ಮಾರಾಯ್ರೆ, ಈ ಕಡೆ ತಿರುಗಿದ್ರೆ ಕೈ ಬಿದ್ದೇ ಹೋಗ್ತದಲ್ಲ?" ಅಂದರು. ಎತ್ತಿದ ಕೈ ಕೆಳಗೆ ಇಳಿದಿತ್ತು. ನೆರಳೂ ದೀಪದ ಕಡೆಗೇ ಬಿದ್ದಿತ್ತು.

ಅವರು ಚಹಾ ಕುಡಿಯುವಷ್ಟರಲ್ಲಿ ಸರಿ ಮಾಡಬೇಕಿತ್ತು. ಟೀಮಿನ ಹುಡುಗ ಕೋನಕ್ಕೆ ಒಂದು ಮೈನಸ್ ಹಾಕಿದ. ಕೈ ಮೇಲೆ ಬಂತು. ಆದರೆ ಮೊಣಕೈ ಉಲ್ಟಾ ಮಡಚಿತು. ಅದಕ್ಕೂ ಮೈನಸ್ ಹಾಕಿದ. ನೆರಳು ಹಾಗೇ ಇತ್ತು, ಅದಕ್ಕೊಂದು ಮೈನಸ್. ನಮ್ಮ ಸೀನಿಯರ್ `ctx.getTransform()` ತೆಗೆದು ಡಿಟರ್ಮಿನೆಂಟ್ ನೋಡಿದರು. ಋಣ ಬಂತು, "ಮಿರರ್ ಸರಿ ಇದೆಯಲ್ಲ" ಅಂದರು. ಆ ಪರೀಕ್ಷೆ ಇಲ್ಲಿ ಏನನ್ನೂ ಹೇಳುವುದಿಲ್ಲ. ತಿರುಗಿಸುವ ಮತ್ತು ಶಿಯರ್ ಮಾಡುವ ಮ್ಯಾಟ್ರಿಕ್ಸ್‌ಗಳ ಡಿಟರ್ಮಿನೆಂಟ್ 1, ಮಿರರಿನದ್ದು -1. ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ -1 ಅಲ್ವಾ? ಮಿರರ್ ಇದೆ ಅಂತ ಗೊತ್ತಾಗುತ್ತದೆ, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಒಂದೇ ಬಿಂದುವನ್ನು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಕಿತ್ತು. ಭುಜದಿಂದ ಬೆರಳ ತುದಿ (60, 0) ಅಂತಿಟ್ಟುಕೊಳ್ಳಿ. ಕ್ಯಾನ್ವಾಸಿನಲ್ಲಿ y ಕೆಳಗೆ ಹೋಗುತ್ತದೆ, ಹಾಗಾಗಿ ಕೈ ಎತ್ತಲು -30 ಡಿಗ್ರಿ ತಿರುಗಿಸಬೇಕು. ತುದಿ (52, -30)ಕ್ಕೆ ಬರುತ್ತದೆ. ಈಗ ಮಿರರ್ ಮಾಡಿದರೆ (-52, -30). ಕೈ ಮೇಲೆಯೇ ಇದೆ. ಬದಲಿಗೆ ಮೊದಲು ಮಿರರ್ ಮಾಡಿ. ತುದಿ (-60, 0) ಆಗುತ್ತದೆ. ಅದನ್ನು -30 ಡಿಗ್ರಿ ತಿರುಗಿಸಿದರೆ (-52, 30). ಕೈ ಕೆಳಗೆ!

ನೆರಳಿನ ಕಥೆ ಇದಕ್ಕೆ ತದ್ವಿರುದ್ಧ. ಪಾದ ಮೂಲಬಿಂದು, ಕಿರೀಟದ ತುದಿ (0, -200). ಶಿಯರ್ -0.5 ಅಂದರೆ x ಗೆ y ಯ -0.5 ಪಾಲು ಸೇರುತ್ತದೆ, ತುದಿ (100, -200)ಕ್ಕೆ ಹೋಗುತ್ತದೆ. ದೀಪ ಎಡಕ್ಕಿದೆ, ನೆರಳು ಬಲಕ್ಕೆ, ಸರಿ. ಆದರೆ ಶಿಯರ್ ಆದ ಮೇಲೆ ಮಿರರ್ ಮಾಡಿದರೆ ಅದು (-100, -200) ಆಗುತ್ತದೆ. ವೇಷ ತಿರುಗಿತು ಅಂತ ದೀಪವೂ ಜಾಗ ಬದಲಿಸುತ್ತದಾ?

ಹಾಗಾಗಿ ನಾನು ಈಗ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಬದಲಾವಣೆ ವೇಷದ್ದೋ, ರಂಗಸ್ಥಳದ್ದೋ? ಕೈ ಎತ್ತುವುದು ವೇಷದ್ದು, ಅದು ಮಿರರಿಗಿಂತ ಮೊದಲು ಆಗಬೇಕು. ನೆರಳು ರಂಗಸ್ಥಳದ್ದು, ಮಿರರ್ ಆದ ಮೇಲೆ ಆಗಬೇಕು. ಕ್ಯಾನ್ವಾಸಿನಲ್ಲಿ ಕೊನೆಗೆ ಬರೆದ ಸಾಲು ಬಿಂದುವಿಗೆ ಮೊದಲು ತಗಲುತ್ತದೆ. ಆದ್ದರಿಂದ ಎಡಕ್ಕೆ ನೋಡುವ ವೇಷದ ಕೈಯ ನೆರಳು ಬಿಡಿಸುವಾಗ ಸಾಲುಗಳು ಹೀಗಿರಬೇಕು:

```
ctx.translate(footX, footY);
ctx.transform(1, 0, -0.5, 1, 0, 0);
ctx.scale(-1, 1);
ctx.translate(shoulderX, shoulderY);
ctx.rotate(-Math.PI / 6);
```

ಕೈಯನ್ನೇ ಬಿಡಿಸುವಾಗ ಎರಡನೇ ಸಾಲು ಬೇಡ. ನೆರಳನ್ನು ಚಪ್ಪಟೆ ಮಾಡುವ ಸ್ಕೇಲನ್ನು ಇಲ್ಲಿ ಬಿಟ್ಟಿದ್ದೇನೆ. ನಮ್ಮ ಹಳೆಯ ಕೋಡಿನಲ್ಲಿ `rotate` ಮಿರರಿಗಿಂತ ಮೇಲಿತ್ತು, ಶಿಯರ್ ಕೆಳಗಿತ್ತು. ಎರಡೂ ಅದಲುಬದಲು. ಸಾಲುಗಳನ್ನು ಸರಿಸಿ, ಹಾಕಿದ್ದ ಮೈನಸ್‌ಗಳನ್ನೆಲ್ಲ ಅಳಿಸಿದೆವು. ಆ ಮೈನಸ್‌ಗಳು ಸುಳ್ಳು ಅಂತಲ್ಲ. ಮಿರರನ್ನು ದಾಟಿ ಆ ಕಡೆ ಹೋದರೆ ಕೋನದ ಚಿಹ್ನೆಯೂ ಶಿಯರಿನ ಚಿಹ್ನೆಯೂ ನಿಜಕ್ಕೂ ಬದಲಾಗುತ್ತವೆ. ಆದರೆ ಪ್ರತಿ ಕೀಲಿಗೂ ಒಂದೊಂದು ನೆನಪಿಟ್ಟುಕೊಂಡು ಹಾಕುತ್ತಾ ಕೂರಬೇಕು. ಹೊಸ ಕೀಲು ಸೇರಿಸಿದವರು ಮರೆತರೆ ಮುಗೀತು.

ಇದು ಅಷ್ಟು ದಿನ ಕಾಣದೇ ಇದ್ದದ್ದಕ್ಕೂ ಕಾರಣ ಇದೆ. 2ಡಿಯಲ್ಲಿ ಒಂದೇ ಬಿಂದುವಿನ ಸುತ್ತ ಎರಡು ಸಲ ತಿರುಗಿಸಿದರೆ ಕ್ರಮ ಮುಖ್ಯವಲ್ಲ, 20 ಆದ ಮೇಲೆ 30 ಅಂದರೂ 30 ಆದ ಮೇಲೆ 20 ಅಂದರೂ 50. ಆ ಅಭ್ಯಾಸ ಕೈಗೆ ಹತ್ತಿಬಿಡುತ್ತದೆ. ಟೆಸ್ಟ್ ಚಿತ್ರಗಳೆಲ್ಲ ಬಲಕ್ಕೇ ಮುಖ ಮಾಡಿದ್ದವು. ಟ್ಯಾಬ್ಲೆಟ್ ಮೊದಲೇ ಕೊಡಿ ಅಂತ ಮ್ಯಾನೇಜ್‌ಮೆಂಟಿಗೆ ಎಷ್ಟು ಹೇಳಿದರೂ ಡೆಮೊ ದಿನ ಬೆಳಿಗ್ಗೆಯೇ ಅದು ಬಂದದ್ದು.

ಚಹಾ ಮುಗಿಸಿ ಬಂದವರು ಮತ್ತೆ ತಿರುಗಿಸಿ ನೋಡಿದರು. ಕೈ ಸರಿ, ನೆರಳು ಸರಿ. ಆಮೇಲೆ, "ಕತ್ತಿ ಎಡಗೈಗೆ ಹೋಯ್ತಲ್ಲ" ಅಂದರು. ಅದನ್ನು ಯಾವ ಕ್ರಮವೂ ಸರಿ ಮಾಡುವುದಿಲ್ಲ. ತಿರುಗಿಸುವುದನ್ನೂ ಶಿಯರನ್ನೂ ಎಷ್ಟು ಸೇರಿಸಿದರೂ -1 ಅನ್ನುವುದು 1 ಆಗುವುದಿಲ್ಲ. ಇನ್ನೊಂದು ಮಿರರ್ ಹಾಕಿದರೆ ವೇಷ ಮತ್ತೆ ಬಲಕ್ಕೇ ನೋಡುತ್ತದೆ. ಕೊನೆಗೆ, ಎಡಕ್ಕೆ ನೋಡುವಾಗ ಕತ್ತಿಯನ್ನು ಹಿಂದಿನ ಕೈಯ ಲೇಯರಿಗೆ ಕಟ್ಟಿ, ಮೈಗಿಂತ ಮೊದಲು ಬಿಡಿಸಿದೆವು.