ಮೂರನೆಯ ಮನೆಯಲ್ಲೇ ಇದ್ದ ಉತ್ತರ

ಮಂಡ್ಯದ ನಮ್ಮ ಕಾಲೇಜಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ, ಮೂರನೆಯ ಸೆಮಿಸ್ಟರಿನ ಒಂದು ಮಧ್ಯಾಹ್ನ, ಜೋಡಿಸದ ಅರೇಯಲ್ಲಿ k-ನೆಯ ದೊಡ್ಡ ಸಂಖ್ಯೆಯನ್ನು ಹುಡುಕುವ ಪಾಠ ನಡೆಯಿತು. ಮೇಡಂ ಹಲಗೆಯ ಮೇಲೆ ಎಂಟು ಸಂಖ್ಯೆಗಳನ್ನು ಬರೆದು, ಇವು ಕಬ್ಬಿನ ಟ್ರ್ಯಾಕ್ಟರುಗಳ ತೂಕ, ಟನ್ನುಗಳಲ್ಲಿ, ಎಂದರು: 14, 9, 17, 11, 18, 10, 15, 12. ಮೂರನೆಯ ದೊಡ್ಡ ತೂಕ ಬೇಕಿತ್ತು.

ಮೊದಲು ಹೀಪ್. ವೇಬ್ರಿಡ್ಜ್ ಪಕ್ಕದಲ್ಲಿ ನಿಂತವನ ಕೈಯಲ್ಲಿ ಮೂರೇ ಚೀಟಿಗಳಿಗೆ ಜಾಗವಿದ್ದು, ಅವುಗಳಲ್ಲಿ ಚಿಕ್ಕದು ಸದಾ ಮೇಲಿರುತ್ತದೆ ಎಂದುಕೊಳ್ಳಿ ಎಂದರು. 14, 9, 17 ಸೇರಿದಾಗ ಮೇಲಿರುವುದು 9. 11 ಬಂದಾಗ 9 ಹೊರಗೆ ಹೋಗುತ್ತದೆ. 18 ಬಂದಾಗ 11 ಹೋಗುತ್ತದೆ. 10 ಬಂದಾಗ ಮೇಲಿರುವ 14ಕ್ಕಿಂತ ಚಿಕ್ಕದಾದ್ದರಿಂದ ಒಂದೇ ಹೋಲಿಕೆಯಲ್ಲಿ ಅದನ್ನು ಬಿಡುತ್ತೇವೆ. 15 ಬಂದಾಗ 14 ಹೋಗುತ್ತದೆ. 12 ಒಳಗೇ ಬರುವುದಿಲ್ಲ. ಕೊನೆಗೆ ಉಳಿದ 15, 17, 18ರಲ್ಲಿ ಮೇಲಿರುವ 15 ಉತ್ತರ. ಎಷ್ಟೇ ಟ್ರ್ಯಾಕ್ಟರುಗಳು ಬಂದರೂ ಮೂರು ಚೀಟಿಗಳಿಗಿಂತ ಹೆಚ್ಚು ಜಾಗ ಬೇಕಿಲ್ಲ, ಮತ್ತು ಅಲ್ಲಿಯವರೆಗಿನ ಉತ್ತರಕ್ಕೆ ಸಾಲು ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ.

ಆಮೇಲೆ ಸಿ. ಎ. ಆರ್. ಹೋರ್ 1961ರಲ್ಲಿ ಪ್ರಕಟಿಸಿದ, ಇಂದು ಕ್ವಿಕ್‌ಸೆಲೆಕ್ಟ್ ಎಂದು ಕರೆಯುವ ವಿಧಾನ. ಕೊನೆಯ ಸಂಖ್ಯೆ 12ನ್ನು ಪಿವಟ್ ಮಾಡಿಕೊಂಡು, ಅದಕ್ಕಿಂತ ದೊಡ್ಡವನ್ನು ಎಡಕ್ಕೆ ತಂದರೆ 14, 17, 18, 15 ಎಂಬ ನಾಲ್ಕು ಸಂಖ್ಯೆಗಳು ಸಿಗುತ್ತವೆ. ಅಂದರೆ 12 ಐದನೆಯ ದೊಡ್ಡದು. ನಮಗೆ ಬೇಕಾದದ್ದು ಮೂರನೆಯದಾದ್ದರಿಂದ ಬಲಭಾಗವನ್ನು ಮತ್ತೆ ನೋಡಬೇಕಾಗಿಲ್ಲ. ಎಡಭಾಗದಲ್ಲಿ 15 ಪಿವಟ್ ಆದಾಗ 17 ಮತ್ತು 18 ಮಾತ್ರ ಅದರ ಎಡಕ್ಕೆ ಹೋಗುತ್ತವೆ. 15 ಮೂರನೆಯ ಮನೆಯಲ್ಲಿ ಕೂರುತ್ತದೆ. ಹತ್ತು ಹೋಲಿಕೆಗಳಲ್ಲಿ ಕೆಲಸ ಮುಗಿಯಿತು. ನನಗೆ ಆ ದಿನ ಇದೇ ಹೆಚ್ಚು ಸೊಗಸಾಗಿ ಕಂಡಿತು. ರೆಕಾರ್ಡಿನಲ್ಲಿ ಇದನ್ನೇ ಬರೆದೆ.

ಮುಂದಿನ ವಾರ ಮೇಡಂ 10,000 ಅಂಕಗಳಿದ್ದ ಒಂದು ಫೈಲನ್ನು ಕೊಟ್ಟು, ಮತ್ತೆ ಮೂರನೆಯ ದೊಡ್ಡದನ್ನೇ ಕೇಳಿದರು. ಪಕ್ಕದಲ್ಲಿದ್ದ ಮದ್ದೂರಿನ ಗೆಳೆಯನ ಹೀಪ್ ತಕ್ಷಣ ಉತ್ತರ ಕೊಟ್ಟಿತು. ನನ್ನ ಪ್ರೋಗ್ರಾಂ ತಡವರಿಸಿತು. ಹೋಲಿಕೆಗಳನ್ನು ಎಣಿಸುವ ಒಂದು ವೇರಿಯಬಲ್ ಸೇರಿಸಿ ನೋಡಿದಾಗ ಲೆಕ್ಕ ಸುಮಾರು 5 ಕೋಟಿಗೆ ಬಂದಿತ್ತು. ಫೈಲನ್ನು ತೆರೆದ ಮೇಲೆ ಕಾರಣ ತಿಳಿಯಿತು: ಅಂಕಗಳು ದೊಡ್ಡದರಿಂದ ಚಿಕ್ಕದಕ್ಕೆ ಮೊದಲೇ ಜೋಡಣೆಯಾಗಿದ್ದವು. ಪ್ರತಿ ಸಲವೂ ಕೊನೆಯ ಸಂಖ್ಯೆಯೇ ಅತಿ ಚಿಕ್ಕದು; ಆದ್ದರಿಂದ 9,999 ಹೋಲಿಕೆ ಮಾಡಿ ಒಂದನ್ನು ಕಳೆಯುತ್ತಿದ್ದೆ, 9,998 ಹೋಲಿಕೆ ಮಾಡಿ ಇನ್ನೊಂದನ್ನು, ಹೀಗೆ ಕೊನೆಯವರೆಗೆ. ಉತ್ತರವೋ ಮೊದಲಿನಿಂದಲೂ ಮೂರನೆಯ ಮನೆಯಲ್ಲೇ ಇತ್ತು. ಅದೇ ಫೈಲಿನಲ್ಲಿ ಹೀಪಿಗೆ ಮೊದಲ ಮೂರು ಸಂಖ್ಯೆಗಳ ನಂತರ ಉಳಿದ ಪ್ರತಿಯೊಂದಕ್ಕೂ ಒಂದೊಂದೇ ಹೋಲಿಕೆ ಸಾಕಾಗಿತ್ತು.

ಪಿವಟನ್ನು ಯಾದೃಚ್ಛಿಕವಾಗಿ ಆರಿಸುವುದಕ್ಕೆ ಎರಡು ಸಾಲು ಸಾಕಾಯಿತು:

```c
int r = lo + rand() % (hi - lo + 1);
swap(&a[r], &a[hi]);
```

ಇದರಿಂದ ಅರೇಯಲ್ಲಿ n ಸಂಖ್ಯೆಗಳಿದ್ದು k ಚಿಕ್ಕದಿರುವಾಗ ಸರಾಸರಿ ಹೋಲಿಕೆಗಳು n-ನ ಎರಡರಷ್ಟರ ಸುತ್ತಮುತ್ತ ನಿಲ್ಲುತ್ತವೆ, ಮಧ್ಯದ ಸಂಖ್ಯೆ ಬೇಕಾದರೆ ಸುಮಾರು 3.4ರಷ್ಟು. ಮೂರನೆಯ ದೊಡ್ಡದಕ್ಕೆ ಹೀಪ್ ಆಗಲೂ ಮುಂದೆಯೇ ಇರುತ್ತದೆ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕಾಯಿತು. ಆದರೆ k 5,000 ಆದಾಗ ಹೀಪಿನೊಳಗೆ ಸೇರುವ ಪ್ರತಿ ಸಂಖ್ಯೆಯೂ ಹನ್ನೆರಡು ಹಂತಗಳವರೆಗೆ ಇಳಿಯಬೇಕಾಗಬಹುದು. ಅಲ್ಲಿ ಕ್ವಿಕ್‌ಸೆಲೆಕ್ಟ್ ಗೆಲ್ಲುತ್ತದೆ.

ಯಾದೃಚ್ಛಿಕ ಪಿವಟ್ ಕೂಡ ಒಂದು ಕಡೆ ಕೈಕೊಡುತ್ತದೆ. 25 ಅಂಕಗಳ ಟೆಸ್ಟಿನಲ್ಲಿ ಒಂದೇ ಅಂಕ ನೂರಾರು ಮಂದಿಗೆ ಬರುತ್ತದೆ. ಸಮಾನ ಸಂಖ್ಯೆಗಳೆಲ್ಲ ಪಿವಟಿನ ಒಂದೇ ಬದಿಗೆ ಸೇರಿದರೆ, ಯಾವುದನ್ನು ಆರಿಸಿದರೂ ಪ್ರತಿ ಸುತ್ತಿನಲ್ಲೂ ಒಂದೊಂದೇ ಕಳೆಯುವ ಸ್ಥಿತಿ ಮರಳುತ್ತದೆ. ದೊಡ್ಡವು, ಸಮನಾದವು, ಚಿಕ್ಕವು ಎಂದು ಮೂರು ಭಾಗ ಮಾಡಿ, k ನಡುವಿನ ಭಾಗದಲ್ಲಿ ಬಿದ್ದರೆ ಅಲ್ಲೇ ನಿಲ್ಲಿಸಬೇಕು.

ಇದನ್ನೆಲ್ಲ ಸರಿಪಡಿಸಿದ ಮೇಲೂ ಒಂದು ತಪ್ಪು ಉಳಿದಿತ್ತು, ಮತ್ತು ಅದನ್ನು ಕಂಡುಹಿಡಿದದ್ದು ಗೆಳೆಯ. ಜೋಡಣೆಯಿಲ್ಲದ ಇನ್ನೊಂದು ಫೈಲಿನಲ್ಲಿ ಮೂರನೆಯ ದೊಡ್ಡ ಅಂಕ ನಮ್ಮಿಬ್ಬರಿಗೂ ಒಂದೇ ಬಂದಿತ್ತು, ರೋಲ್ ನಂಬರ್ ಮಾತ್ರ ಬೇರೆ ಇತ್ತು. ಹೀಪ್ ಮೂಲ ಅರೇಯನ್ನು ಮುಟ್ಟುವುದಿಲ್ಲ. ಕ್ವಿಕ್‌ಸೆಲೆಕ್ಟ್ ಅದನ್ನು ಅಲ್ಲೇ ಕಲಸುತ್ತದೆ. ನಾನು ರೋಲ್ ನಂಬರುಗಳನ್ನು ಬೇರೊಂದು ಅರೇಯಲ್ಲಿ ಇಟ್ಟಿದ್ದರಿಂದ ಅಂಕಗಳು ಜಾಗ ಬದಲಿಸಿದರೂ ನಂಬರುಗಳು ನಿಂತಲ್ಲೇ ನಿಂತಿದ್ದವು. ಅಂಕ ಮತ್ತು ನಂಬರನ್ನು ಒಂದೇ ಸ್ಟ್ರಕ್ಚರಿಗೆ ಸೇರಿಸಿ ಒಟ್ಟಿಗೆ ಅದಲುಬದಲು ಮಾಡಿದಾಗ, ಸಂಜೆ ಲ್ಯಾಬ್ ಮುಚ್ಚುವ ಹೊತ್ತಿಗೆ, ನಮ್ಮಿಬ್ಬರ ಪರದೆಗಳ ಮೇಲೂ ಒಂದೇ ರೋಲ್ ನಂಬರ್ ಬಂದಿತು.