ಮೂವತ್ಮೂರು ಡಾಲರ್ ಪೆಟ್ರೋಲು, ಇನ್ನೂರೆಂಟು ಡಾಲರ್ ಲೆಕ್ಕ

ಶನಿವಾರ ಬೆಳಿಗ್ಗೆ ಅಕ್ಕನ ಮಗ ಇಂಡಿಯನ್ ಸ್ಟೋರ್‌ನಿಂದ ಫೋನ್ ಮಾಡಿದ. ದನಿ ಸಣ್ಣಗಾಗಿತ್ತು. "ಚಿಕ್ಕಮ್ಮ, ಪೆಟ್ರೋಲ್ ಬಂಕಿನವರು ನನ್ನ ಕಾರ್ಡಿಂದ ಎರಡು ಸಲ ದುಡ್ಡು ತೆಗೆದಿದ್ದಾರೆ. ಅಕ್ಕಿ ಬಿಲ್ ಮಾಡಿಸೋಕೆ ಹೋದ್ರೆ ಕಾರ್ಡ್ ಡಿಕ್ಲೈನ್ ಆಯ್ತು. ಹಿಂದೆ ಕ್ಯೂ ಇತ್ತು. ಸಾಮಾನೆಲ್ಲ ಅಲ್ಲೇ ಬಿಟ್ಟು ಬಂದೆ."

ಅವನು ಡಲ್ಲಾಸ್ ಹತ್ತಿರ ಎಂ.ಎಸ್. ಮಾಡುತ್ತಿದ್ದಾನೆ. ಕ್ಯಾಂಪಸ್ಸಿನಲ್ಲೇ ಸಣ್ಣ ಕೆಲಸ. ಸಂಬಳ ಎರಡು ವಾರಕ್ಕೊಮ್ಮೆ. ಊರಿಂದ ದುಡ್ಡು ತರಿಸಬಾರದು ಅಂತ ಹಟ. ಅಂಥ ಹುಡುಗ ಕೌಂಟರಿನಲ್ಲಿ ಅಕ್ಕಿ ಮೂಟೆ ಬಿಟ್ಟು ಹೊರಗೆ ಬಂದು ನಿಂತಿದ್ದಾನೆ ಅಂದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ನಮ್ಮ ಮನೆಯಿಂದ ಅವನಿದ್ದಲ್ಲಿಗೆ ಅರ್ಧ ಗಂಟೆ ದಾರಿ. ಹೋದೆ. ಬ್ಯಾಂಕಿನ ಆ್ಯಪ್ ತೆಗೆದು ತೋರಿಸಿದ. ಶುಕ್ರವಾರ ಸಂಜೆ ಖಾತೆಯಲ್ಲಿ ಇದ್ದದ್ದು 231 ಡಾಲರ್. ಈಗ ಅದರ ಕೆಳಗೆ ಅದೇ ಬಂಕಿನ ಹೆಸರಲ್ಲಿ ಎರಡು ಸಾಲು. ಒಂದು 175.00. ಇನ್ನೊಂದು 32.95. ಎರಡರ ಪಕ್ಕದಲ್ಲೂ ಪೆಂಡಿಂಗ್ ಅಂತಿತ್ತು. ಖರ್ಚಿಗೆ ಸಿಗುವ ದುಡ್ಡು 23 ಡಾಲರ್ 5 ಸೆಂಟ್. ಅಕ್ಕಿ, ಬೇಳೆ, ಎಣ್ಣೆ ಸೇರಿ ಬಿಲ್ಲು ನಲವತ್ತು ದಾಟಿತ್ತು.

ಅವನು ಹಾಕಿಸಿದ್ದು ಹನ್ನೊಂದು ಗ್ಯಾಲನ್ ಚಿಲ್ಲರೆ. ಗ್ಯಾಲನ್‌ಗೆ 2.89. ರಸೀದಿ ಕಾರಿನಲ್ಲೇ ಇತ್ತು, 32.95 ಅಂತ ಸರಿಯಾಗೇ ಇತ್ತು. ಹಾಗಾದರೆ ಆ 175 ಯಾವುದು?

ಊರಿನ ಬಂಕಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಹುಡುಗ ಮೀಟರ್ ಸೊನ್ನೆ ತೋರಿಸುತ್ತಾನೆ, ಪೆಟ್ರೋಲ್ ಹಾಕುತ್ತಾನೆ, ಆಮೇಲೆ ಮೆಷಿನ್ ಹಿಡಿಯುತ್ತಾನೆ. ಕಾರ್ಡ್ ಉಜ್ಜುವ ಹೊತ್ತಿಗೆ ಎಷ್ಟಾಯಿತು ಅಂತ ಇಬ್ಬರಿಗೂ ಗೊತ್ತಿರುತ್ತದೆ. ಇಲ್ಲಿ ಪಂಪಿನ ಹತ್ತಿರ ಯಾರೂ ಇರುವುದಿಲ್ಲ. ಮೊದಲು ಕಾರ್ಡ್ ಹಾಕಬೇಕು, ಆಮೇಲೆ ನಾವೇ ತುಂಬಿಸಿಕೊಳ್ಳಬೇಕು. ಕಾರ್ಡ್ ಹಾಕಿದ ಕ್ಷಣದಲ್ಲಿ ನಾವು ಹತ್ತು ಡಾಲರಿಂದು ಹಾಕಿಸುತ್ತೇವೋ ನೂರು ಡಾಲರಿಂದೋ ಪಂಪಿಗೆ ಗೊತ್ತಿಲ್ಲ. ಅದಕ್ಕೆ ಅದು ಬ್ಯಾಂಕನ್ನು ಮೊದಲೇ ಕೇಳುತ್ತದೆ: ಈ ಕಾರ್ಡಿನಲ್ಲಿ ಇಷ್ಟಿದೆಯಾ, ಇದ್ದರೆ ತೆಗೆದಿಡು. ಬ್ಯಾಂಕು ಅಷ್ಟನ್ನು ಬದಿಗಿಡುತ್ತದೆ. ಇದನ್ನೇ ಹೋಲ್ಡ್ ಅನ್ನುವುದು. ಮದುವೆ ಛತ್ರಕ್ಕೆ ಡಿಪಾಸಿಟ್ ಕೊಟ್ಟ ಹಾಗೆ, ದುಡ್ಡು ಅವರದಾಗಿರುವುದಿಲ್ಲ, ಆದರೆ ನಮ್ಮ ಕೈಯಲ್ಲೂ ಇರುವುದಿಲ್ಲ.

ಈ ಮೊತ್ತಕ್ಕೆ ಮೇಲಿನ ಮಿತಿ ಇದೆ. ವೀಸಾ ಮತ್ತು ಮಾಸ್ಟರ್‌ಕಾರ್ಡ್‌ನವರು ಅದನ್ನು 2022ರಲ್ಲಿ 125 ಡಾಲರಿಂದ 175ಕ್ಕೆ ಏರಿಸಿದರು. ಆ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್‌ಗೆ ಐದು ಡಾಲರ್ ಮುಟ್ಟಿತ್ತು. ದೊಡ್ಡ ಟ್ರಕ್ ಇಟ್ಟುಕೊಂಡವರಿಗೆ 125ಕ್ಕೆ ಟ್ಯಾಂಕ್ ತುಂಬುತ್ತಿರಲಿಲ್ಲ. ಅವರ ಕಷ್ಟ ನಿಜ. ಆದರೆ ಬೆಲೆ ಇಳಿದು ಮೂರು ಡಾಲರಿಗೂ ಕೆಳಗೆ ಬಂದಾಗಲೂ ಹಳೇ ಕೊರೊಲಾಕ್ಕೆ ಹನ್ನೊಂದು ಗ್ಯಾಲನ್ ಹಾಕಿಸುವ ಹುಡುಗನಿಗೂ ಅದೇ 175.

ಅವನ ರೂಮ್‌ಮೇಟ್ ಹಿಂದಿನ ವಾರ ಅದೇ ಬ್ರ್ಯಾಂಡಿನ ಇನ್ನೊಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದ. ಅವನ ಕಾರ್ಡ್ ಬೇರೆ ಬ್ಯಾಂಕಿನದು. ಅದರಲ್ಲಿ ಕಾಣಿಸಿದ್ದು ಬರೀ ಒಂದು ಡಾಲರ್. ಇದೂ ಇದೆ. ಕೆಲವು ಪಂಪ್‌ಗಳು ಕಾರ್ಡ್ ಜೀವಂತ ಇದೆಯಾ ಅಂತ ನೋಡೋಕೆ ಒಂದು ಡಾಲರ್ ಮಾತ್ರ ಕೇಳುತ್ತವೆ. ಆಗ ಎಷ್ಟು ತೆಗೆದಿಡಬೇಕು ಅನ್ನುವುದು ಬ್ಯಾಂಕಿನ ಇಷ್ಟ. ಒಬ್ಬರು ಒಂದೇ ಡಾಲರ್ ಹಿಡಿಯುತ್ತಾರೆ, ಇನ್ನೊಬ್ಬರು ನೂರು. ಹಾಗಾಗಿ "ನನಗೆ ಯಾವತ್ತೂ ಹೀಗಾಗಿಲ್ಲಪ್ಪ" ಅನ್ನೋ ಮಾತನ್ನು ಯಾರೂ ಹೇಳಬಾರದು. ಅವತ್ತು ನಾನು ಆ ಮಾತನ್ನ ಇಬ್ಬರ ಬಾಯಲ್ಲಿ ಕೇಳಿದೆ. ಇಬ್ಬರೂ ಒಳ್ಳೆಯವರೇ. ಆದರೆ ಹುಡುಗನ ಮುಖ ಇನ್ನಷ್ಟು ಚಿಕ್ಕದಾಯಿತು.

ನಾವು ಬಂಕಿಗೆ ಹೋದೆವು. ಕೌಂಟರಿನಲ್ಲಿದ್ದವರು ನಡುವಯಸ್ಸಿನ ನೇಪಾಳಿ. ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಸ್ಕ್ರೀನಿನಲ್ಲಿ ಹಿಂದಿನ ದಿನದ ಲೆಕ್ಕ ತೆಗೆದು ನಮ್ಮ ಕಡೆ ತಿರುಗಿಸಿದರು. ಪಂಪ್ 6, 32.95. ಅಷ್ಟೇ. "ನೋಡಿ ಮೇಡಂ, 175 ಅನ್ನೋದು ನನ್ನ ಹತ್ತಿರ ಇಲ್ಲವೇ ಇಲ್ಲ. ಇಲ್ಲದ್ದನ್ನ ಹೇಗೆ ವಾಪಸ್ ಕೊಡಲಿ?" ಅಂದರು. ಅವರು ಹೇಳಿದ್ದು ನಿಜ. ಹೋಲ್ಡಿನ ದುಡ್ಡು ಬಂಕಿಗೆ ಬಂದಿರುವುದೇ ಇಲ್ಲ. ಇದೇ ವಿಷಯಕ್ಕೆ ವಾರಾಂತ್ಯದಲ್ಲಿ ಜನ ಬಂದು ಕೂಗಾಡುತ್ತಾರಂತೆ. ಗಂಟೆ ಲೆಕ್ಕದ ಸಂಬಳಕ್ಕೆ ನಿಂತ ಮನುಷ್ಯ ಯಾರದ್ದೋ ಲೆಕ್ಕಕ್ಕೆ ಬೈಸಿಕೊಳ್ಳುತ್ತಾನೆ.

ಅಲ್ಲಿಂದಲೇ ಬ್ಯಾಂಕಿಗೆ ಫೋನ್. ಸ್ಪೀಕರ್ ಹಾಕಿದ್ದ. ತುಂಬಾ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. "ಸರ್, ಚಿಂತೆ ಮಾಡಬೇಡಿ, ಅದು ಪೆಂಡಿಂಗ್ ಅಷ್ಟೇ. ನಿಮ್ಮ ದುಡ್ಡು ಎಲ್ಲೂ ಹೋಗಿಲ್ಲ" ಅಂದಳು.

ಹುಡುಗ ಕೇಳಿದ: "ಹೋಗಿಲ್ಲ ಅಂದ್ರೆ ನಾನು ಅಕ್ಕಿ ಯಾಕೆ ತಗೊಳ್ಳೋಕಾಗ್ತಿಲ್ಲ?"

ಇಂಗ್ಲಿಷಿನಲ್ಲೇ ಕೇಳಿದ, ಮರ್ಯಾದೆಯಿಂದಲೇ ಕೇಳಿದ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮತ್ತದೇ ಮಾತು. ಪೆಂಡಿಂಗ್ ಸರ್, ಬಂಕಿನವರು ಬಿಡುಗಡೆ ಮಾಡಬೇಕು ಸರ್. ಬಂಕಿನವರು ಎದುರಿಗೇ ನಿಂತಿದ್ದರು, ಎರಡೂ ಕೈ ಅಗಲಿಸಿ.

ಈ ವಾರವೆಲ್ಲ ಆ ಪ್ರಶ್ನೆ ನನ್ನ ತಲೆಯಲ್ಲಿ ಸುತ್ತುತ್ತಿದೆ. ಹೋಗಿಲ್ಲ ಅಂದ್ರೆ ಅಕ್ಕಿ ಯಾಕೆ ತಗೊಳ್ಳೋಕಾಗ್ತಿಲ್ಲ? ಬ್ಯಾಂಕು ಒಂದೇ ಖಾತೆಗೆ ಎರಡು ಲೆಕ್ಕ ಇಡುತ್ತದೆ. ಒಂದು ಖಾತೆಯಲ್ಲಿ ನಿಜವಾಗಿ ಇರುವ ದುಡ್ಡು, ಇನ್ನೊಂದು ಖರ್ಚಿಗೆ ಸಿಗುವ ದುಡ್ಡು. ಮೊದಲನೆಯದು ಪೂರ್ತಿ ಇದೆ ಅಂತ ಅವಳು ಹೇಳುತ್ತಿದ್ದಾಳೆ. ಎರಡನೆಯದರಿಂದ ಬದುಕಬೇಕಾದವನು ಇವನು.

ಸರಿಯಾಗಿ ನಡೆದರೆ ಇದು ಇಷ್ಟು ಎಳೆಯುವುದಿಲ್ಲ. ನಾಝಲ್ ವಾಪಸ್ ಇಟ್ಟ ಮೇಲೆ ಬಂಕಿನ ಸಿಸ್ಟಮ್ ಕೊನೆಯ ಮೊತ್ತವನ್ನು ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕು 175 ಅಳಿಸಿ 32.95 ಬರೆದುಕೊಳ್ಳಬೇಕು. ಎಷ್ಟೋ ಕಡೆ ಒಂದೆರಡು ಗಂಟೆಯೊಳಗೆ ಹೀಗೇ ಆಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಎಡವಟ್ಟಾಗುವುದು ಕೊನೆಯ ಮೊತ್ತ ತಡವಾಗಿ ಹೋದಾಗ, ಅಥವಾ ಹೋದರೂ ಅದು ಯಾವ ಹೋಲ್ಡಿಗೆ ಸೇರಿದ್ದು ಅಂತ ಬ್ಯಾಂಕಿನ ಕಂಪ್ಯೂಟರಿಗೆ ಜೋಡಿಸಲು ಆಗದಿದ್ದಾಗ. ಆಗ 32.95 ಹೊಸ ಖರ್ಚಿನ ಥರ ಬಂದು ಕೂರುತ್ತದೆ. 175 ತನ್ನ ಅವಧಿ ಮುಗಿಯುವವರೆಗೆ ಅಲ್ಲೇ ಇರುತ್ತದೆ. ನೋಡಿದವರಿಗೆ ಎರಡು ಸಲ ಕಿತ್ತುಕೊಂಡ ಹಾಗೇ ಕಾಣುತ್ತದೆ. ಶುಕ್ರವಾರ ಸಂಜೆಯಾದರೆ ಮುಗಿಯಿತು, ನಡುವೆ ಶನಿವಾರ, ಭಾನುವಾರ.

ನಿಜವಾಗಿ ಎರಡು ಸಲ ತೆಗೆದುಕೊಂಡಿದ್ದರೆ ಗುರುತು ಬೇರೆ. ಸಾಮಾನ್ಯವಾಗಿ ಎರಡೂ ಸಾಲಿನ ಮೊತ್ತ ಸೆಂಟಿನವರೆಗೂ ಒಂದೇ ಇರುತ್ತದೆ, ಮತ್ತು ಎರಡೂ ಪೆಂಡಿಂಗ್ ದಾಟಿ ಪೋಸ್ಟ್ ಆಗಿರುತ್ತವೆ, ಅಂದರೆ ದುಡ್ಡು ಖಾತೆಯಿಂದ ನಿಜವಾಗಿಯೇ ಹೋಗಿರುತ್ತದೆ. ಆಗ ಬ್ಯಾಂಕಿಗೆ ದೂರು ಕೊಡಬಹುದು. ಸ್ಟೇಟ್‌ಮೆಂಟ್ ಬಂದ 60 ದಿನದೊಳಗೆ ತಿಳಿಸಿದರೆ ಅವರು ವಿಚಾರಣೆ ಮಾಡಲೇಬೇಕು, ಕಾನೂನಿದೆ. ಆದರೆ 175, 100, 1 ಥರದ ಗುಂಡಗಿನ ಮೊತ್ತ, ಪಕ್ಕದಲ್ಲಿ ರಸೀದಿಗೆ ಸರಿಹೊಂದುವ ಇನ್ನೊಂದು ಮೊತ್ತ ಕಂಡರೆ ಅದು ಹೋಲ್ಡೇ. ಅದು ಪೆಂಡಿಂಗ್ ಇರುವಾಗ ದೂರು ಕೊಡಲು ಹೋದರೆ ಬ್ಯಾಂಕಿನವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಆ ನೇಪಾಳಿ ಅಣ್ಣನೇ ಒಂದು ದಾರಿ ಹೇಳಿಕೊಟ್ಟರು. ಪಂಪಿನಲ್ಲಿ ಕಾರ್ಡ್ ಹಾಕಬೇಡ, ಒಳಗೆ ಬಾ, "ಆರನೇ ಪಂಪಿಗೆ ಮೂವತ್ತು ಡಾಲರ್" ಅಂತ ಹೇಳಿ ಇಲ್ಲೇ ಕಾರ್ಡ್ ಕೊಡು. ಆಗ ಕೇಳುವುದು ಮೂವತ್ತನ್ನೇ, ಪಂಪು ಮೂವತ್ತಕ್ಕೇ ನಿಲ್ಲುತ್ತದೆ. ಟ್ಯಾಂಕಿಗೆ ಹಿಡಿಸುವುದಕ್ಕಿಂತ ಜಾಸ್ತಿ ಮಾತ್ರ ಹೇಳಬೇಡ, ಮಿಕ್ಕಿದ್ದು ವಾಪಸ್ ಬರೋಕೆ ಮತ್ತೆ ಕಾಯಬೇಕಾಗುತ್ತೆ. ಬ್ಯಾಂಕು ಒಪ್ಪಿದರೆ ಫೋನಿನಲ್ಲಿ ಮಾತಾಡಿ ಕೊನೆಯ ಮೊತ್ತ ಇಷ್ಟೇ ಅಂತ ತಾನು ಹೇಳಲು ಸಿದ್ಧ ಅಂದರು. ಬ್ಯಾಂಕಿನವಳು ವಾರಾಂತ್ಯದಲ್ಲಿ ಆ ವಿಭಾಗ ಇಲ್ಲ ಅಂದಳು.

ರಾತ್ರಿ ಹಾಸನದಿಂದ ಭಾವ ಫೋನ್ ಮಾಡಿದ್ದರು. "ಪೆಟ್ರೋಲ್ ಹಾಕೋಕೆ ಮುಂಚೆನೇ ದುಡ್ಡು ಹಿಡ್ಕೋತಾರಾ? ಅಷ್ಟೂ ನಂಬಿಕೆ ಇಲ್ವಾ?" ಅಂದರು. ಬಂಕಿನವರ ಭಯ ನನಗೆ ಅರ್ಥವಾಗುತ್ತದೆ. ತುಂಬಿಸಿಕೊಂಡು ಹೊರಟುಹೋದರೆ ಅವರು ಯಾರನ್ನು ಹಿಡಿಯಬೇಕು? ಆದರೆ ಆ ಭಯದ ಭಾರ ಯಾರ ತಲೆ ಮೇಲೆ ಬೀಳುತ್ತಿದೆ ಅಂತ ನೋಡಿ. ನನ್ನದು ಕ್ರೆಡಿಟ್ ಕಾರ್ಡ್. ನನಗೂ ಪ್ರತಿ ಸಲ ಹೋಲ್ಡ್ ಬೀಳುತ್ತಿರಬೇಕು. ಅದು ಸಾಲದ ಮಿತಿಯಿಂದ ಹೋಗುತ್ತದೆ, ಖಾತೆಯ ದುಡ್ಡು ಮುಟ್ಟುವುದಿಲ್ಲ. ಅದಕ್ಕೇ ಇಷ್ಟು ವರ್ಷ ನನಗೆ ಕಾಣಿಸಿಲ್ಲ. ಖಾತೆಯಲ್ಲಿ ಐದು ಸಾವಿರ ಇದ್ದವನಿಗೂ ಕಾಣಿಸುವುದಿಲ್ಲ. ಕಾಣಿಸುವುದು 231 ಡಾಲರ್ ಇದ್ದವನಿಗೆ ಮಾತ್ರ. ಡೆಬಿಟ್ ಕಾರ್ಡೊಂದನ್ನೇ ನಂಬಿರುವ ವಿದ್ಯಾರ್ಥಿಗಳಿಗೆ, ದಿನಗೂಲಿಯವರಿಗೆ, ಈಗಷ್ಟೇ ಈ ದೇಶಕ್ಕೆ ಬಂದು ಕ್ರೆಡಿಟ್ ಕಾರ್ಡ್ ಸಿಗದವರಿಗೆ. ಯಾರ ಹತ್ತಿರ ಕಡಿಮೆ ಇದೆಯೋ ಅವರ ದುಡ್ಡನ್ನೇ ಇಡೀ ವ್ಯವಸ್ಥೆ ಭದ್ರತೆಗೆ ಇಟ್ಟುಕೊಂಡ ಹಾಗಾಯಿತು. ಇದು ನನಗೆ ಸರಿ ಅನ್ನಿಸುವುದಿಲ್ಲ. ಮೂರು ದಿನದಲ್ಲಿ ವಾಪಸ್ ಬರುತ್ತೆ ಅನ್ನುವವರು ಆ ಮೂರು ದಿನ ಊಟ ಏನು ಅಂತಲೂ ಹೇಳಬೇಕು.

ನಾನೇ ಅಕ್ಕಿ ಕೊಡಿಸಿದೆ. ದುಡ್ಡು ಕೊಡ್ತೀನಿ ಚಿಕ್ಕಮ್ಮ ಅಂದ, ಬೇಡ ಅಂದೆ. ಚಿಕ್ಕಮ್ಮ ಇಲ್ಲದ ಹುಡುಗರು ಏನು ಮಾಡುತ್ತಾರೋ.

ಮಂಗಳವಾರ ಬೆಳಿಗ್ಗೆ 175ರ ಸಾಲು ಮಾಯವಾಗಿತ್ತು. ಖಾತೆಯಲ್ಲಿ 198 ಡಾಲರ್ 5 ಸೆಂಟ್. ಪೈಸೆಗೆ ಪೈಸೆ ಸರಿ. ಆದರೆ ಆ ಸಾಲು ಇತ್ತು ಅನ್ನೋದಕ್ಕೆ ಆ್ಯಪ್‌ನಲ್ಲಿ ಏನೂ ಉಳಿದಿಲ್ಲ. ತಿಂಗಳ ಸ್ಟೇಟ್‌ಮೆಂಟಿನಲ್ಲೂ ಬರುವುದಿಲ್ಲ, ಅಲ್ಲಿ ಬರುವುದು ಪೋಸ್ಟ್ ಆದದ್ದು ಮಾತ್ರ. ಶನಿವಾರ ಅವನು ತೆಗೆದಿಟ್ಟ ಸ್ಕ್ರೀನ್‌ಶಾಟ್ ಒಂದೇ ಸಾಕ್ಷಿ. ಅದನ್ನು ಲಗತ್ತಿಸಿ ಬ್ಯಾಂಕಿಗೂ ಬಂಕಿನ ಕಂಪನಿಗೂ ಬರೆದಿದ್ದೇನೆ. ಕೇಳಿದ್ದು ಒಂದೇ. ಪಂಪಿನ ಆ ಸ್ಕ್ರೀನಿನಲ್ಲಿ ಕಾರ್ ವಾಶ್ ಬೇಕಾ, ರಿವಾರ್ಡ್ಸ್ ನಂಬರ್ ಇದೆಯಾ ಅಂತೆಲ್ಲ ಕೇಳುತ್ತೀರಲ್ಲ, ಕಾರ್ಡ್ ಹಾಕುವ ಮುಂಚೆ ಎಷ್ಟು ಡಾಲರ್ ಹಿಡಿದಿಡುತ್ತೀರಿ ಅನ್ನೋದನ್ನೂ ದೊಡ್ಡ ಅಕ್ಷರದಲ್ಲಿ ತೋರಿಸಿ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಮುಂದಿನ ವಾರ ಮತ್ತೆ ಬರೆಯುತ್ತೇನೆ.