ರಾತ್ರಿಯ ಧಗೆ ಎಲ್ಲಿಂದ ಬರುತ್ತದೆ?

"ಅಣ್ಣಾ, ಬಿಸಿಲು ನಮ್ಮೂರಾಗೂ ಜೋರ ಐತಿ. ಆದ್ರ ಕತ್ತಲಾದ ಮ್ಯಾಲ ಹೊಲ ತಣ್ಣಗ ಆಗ್ತದ. ನಿಮ್ಮ ಪುಣೆದಾಗ ರಾತ್ರಿ ಹನ್ನೆರಡಾದ್ರೂ ಧಗಿ ಹೋಗಂಗಿಲ್ಲ. ಯಾಕ?"

ವಿಜಯಪುರದ ಕಡೆಯಿಂದ ಹಡಪಸರದ ನಮ್ಮ ಮನೆಗೆ ಏಪ್ರಿಲ್‌ನಲ್ಲಿ ಯಾರೇ ಬಂದರೂ ಇದನ್ನು ಕೇಳುತ್ತಾರೆ. ನಾನು ಅವರನ್ನು ಮೊದಲು ಟೆರೇಸಿಗೆ ಕರೆದುಕೊಂಡು ಹೋಗುತ್ತೇನೆ. ರಾತ್ರಿ ಒಂಬತ್ತಾದರೂ ಬರಿಗಾಲಿಗೆ ಸ್ಲ್ಯಾಬು ಬೆಚ್ಚಗೆ ತಾಗುತ್ತದೆ. ಪಡುವಣ ಗೋಡೆಗೆ ಅಂಗೈ ಇಟ್ಟರೂ ಅಷ್ಟೆ.

ಒಂದು ಚದರ ಮೀಟರ್ ಸ್ಲ್ಯಾಬನ್ನೇ ತೆಗೆದುಕೊಳ್ಳಿ. ನಾಲ್ಕು ಇಂಚು ದಪ್ಪ ಅಂದರೆ ಸುಮಾರು 240 ಕಿಲೋ ಕಾಂಕ್ರೀಟು. ಕಾಂಕ್ರೀಟು ಗಟ್ಟಿ, ಅದರೊಳಗೆ ಗಾಳಿ ಕಡಿಮೆ. ಹಾಗಾಗಿ ಬಿಸಿಲಿನ ಕಾವು ಮೇಲೆ ನಿಲ್ಲದೆ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ, ಸಂಜೆಯ ಹೊತ್ತಿಗೆ ಇಡೀ ಸ್ಲ್ಯಾಬು ಕಾದಿರುತ್ತದೆ. ಅದು ರಾತ್ರಿ ಹತ್ತು ಗಂಟೆಯಲ್ಲಿ ಹತ್ತು ಡಿಗ್ರಿ ಆರಿತು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಆ ಒಂದು ಚದರ ಮೀಟರ್ ಸರಿಸುಮಾರು 60 ವ್ಯಾಟಿನ ಹಳೇ ಬಲ್ಬಿನಷ್ಟು ಶಾಖವನ್ನು ರಾತ್ರಿಯಿಡೀ ಬಿಡುತ್ತಿರುತ್ತದೆ. ಹತ್ತಡಿ ಹತ್ತಡಿ ಕೋಣೆಯ ಮೇಲೆ ಅಂಥ ಒಂಬತ್ತು ಬಲ್ಬು ಉರಿದಂತೆ. ಅದರಲ್ಲಿ ಒಂದಿಷ್ಟು ಮೇಲಕ್ಕೆ ಹೋಗುತ್ತದೆ, ಉಳಿದದ್ದು ಕೆಳಗೆ ಮಲಗಿದವರ ಮೇಲೆ.

ಈಗ ಊರಿನ ಹೊಲ. ಕೊಯ್ಲಾದ ಮೇಲೆ ಹರಗಿ ಬಿಟ್ಟ ಎರೆ ಹೊಲಕ್ಕೆ ಮಧ್ಯಾಹ್ನ ಬರಿಗಾಲು ಇಡೋಕಾಗಲ್ಲ. ಮೇಲಿನ ಮಣ್ಣು ನಮ್ಮ ಡಾಂಬರು ರಸ್ತೆಯ ಹಾಗೇ ಸುಡುತ್ತದೆ. ಆದರೆ ಅಲ್ಲೇ ಕೈಯಿಂದ ಒಂದು ಗೇಣು ಕೆದರಿ ನೋಡಿ, ಒಳಗೆ ತಣ್ಣಗಿರುತ್ತದೆ. ಒಣಗಿ ಸಡಿಲವಾದ ಮಣ್ಣಿನ ತುಂಬ ಗಾಳಿ. ಅದು ಕಾವನ್ನು ಕೆಳಕ್ಕೆ ಬಿಡುವುದಿಲ್ಲ. ಕಾದದ್ದು ಮೇಲಿನ ತೆಳು ಪದರ ಮಾತ್ರ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅದು ಆರಿಹೋಗುತ್ತದೆ, ಹಿಂದೆ ಕೂಡಿಟ್ಟದ್ದು ಜಾಸ್ತಿ ಏನೂ ಇರುವುದಿಲ್ಲ. ಅದಕ್ಕೇ ಹಗಲು ಹೊಲವೇ ಹೆಚ್ಚು ಸುಟ್ಟರೂ ರಾತ್ರಿ ಅಲ್ಲೇ ತಂಪು. ನೀರು ಹಾಯಿಸಿದ ಹೊಲದ ಕಥೆ ಬೇರೆ. ಅಲ್ಲಿ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಹಗಲೂ ಅಷ್ಟು ಕಾಯುವುದಿಲ್ಲ.

ಕೂಡಿಟ್ಟ ಕಾವು ಹೊರಗೆ ಹೋಗಬೇಕಲ್ವಾ? ಅದಕ್ಕೆ ಬಾಗಿಲು ಆಕಾಶ. ಬೆಚ್ಚಗಿರುವ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಶಾಖವನ್ನು ಹೊರಗೆ ಸೂಸುತ್ತಿರುತ್ತದೆ. ಹೊಲದ ಮುಂದೆ ಇಡೀ ಆಕಾಶ ತೆರೆದಿದೆ. ಸದಾಶಿವ ಪೇಟೆಯ ಒಂದು ಸಂದಿಯಲ್ಲಿ ನಿಂತು ತಲೆ ಎತ್ತಿದರೆ ಕಾಣುವುದು ಒಂದು ಪಟ್ಟಿ ಆಕಾಶ. ಅಲ್ಲಿ ಈ ಗೋಡೆ ಬಿಟ್ಟ ಶಾಖ ಆ ಗೋಡೆಗೆ, ಆ ಗೋಡೆಯದು ಮತ್ತೆ ಈ ಗೋಡೆಗೆ. ಇದನ್ನು ಚಳಿಗಾಲದ ಬೆಳಗ್ಗೆ ಪಾರ್ಕಿಂಗಿನಲ್ಲೇ ನೋಡಬಹುದು. ಬಯಲಲ್ಲಿ ನಿಲ್ಲಿಸಿದ ಕಾರಿನ ಗಾಜು ಇಬ್ಬನಿಯಿಂದ ತೊಯ್ದಿರುತ್ತದೆ. ಪಕ್ಕದಲ್ಲೇ ಮರದ ಕೆಳಗಿದ್ದ ಕಾರು ಒಣಗಿರುತ್ತದೆ. ಮೊದಲನೆಯದಕ್ಕೆ ಆಕಾಶ ಸಿಕ್ಕಿತು, ಎರಡನೆಯದಕ್ಕೆ ಸಿಗಲಿಲ್ಲ.

ಹಾಗಾಗಿ ಈ ವ್ಯತ್ಯಾಸ ಜೋರಾಗಿ ಕಾಣುವುದು ಮೋಡವಿಲ್ಲದ, ಗಾಳಿ ಆಡದ ಒಣ ರಾತ್ರಿಗಳಲ್ಲಿ. ಪುಣೆಯ ಚಳಿಗಾಲ ಅಂದರೆ ಅಂಥದ್ದೇ ರಾತ್ರಿಗಳು. ಡಿಸೆಂಬರಿನ ಪೇಪರಿನಲ್ಲಿ ಕನಿಷ್ಠ ತಾಪಮಾನದ ಪಟ್ಟಿ ನೋಡಿ. ಗುಡ್ಡ, ಗಿಡ, ಬಯಲು ಉಳಿದಿರುವ ಪಾಷಾಣಕ್ಕೂ ಕಟ್ಟಡ ತುಂಬಿದ ಮಗರಪಟ್ಟಾಕ್ಕೂ ಒಂದೇ ಬೆಳಗ್ಗೆ ಹಲವು ಡಿಗ್ರಿ ಅಂತರ ಇರುತ್ತದೆ. ಜುಲೈನಲ್ಲಿ ಮೋಡ ಕವಿದಾಗ ಹೊಲಕ್ಕೂ ಆ ಬಾಗಿಲು ಅರ್ಧ ಮುಚ್ಚುತ್ತದೆ. ಆಗ ಎರಡೂ ಕಡೆ ಹತ್ತಿರ ಹತ್ತಿರ ಒಂದೇ.

ಹೋಲಿಸುವಾಗ ಒಂದು ತಪ್ಪು ಸುಲಭವಾಗಿ ಆಗುತ್ತದೆ. "ಸಾಸವಡದಲ್ಲಿ ಎಷ್ಟು ತಂಪು ನೋಡಿ" ಅನ್ನುತ್ತಾರೆ. ಸಾಸವಡ ದಿವೆ ಘಾಟ್ ಹತ್ತಿದ ಮೇಲೆ ಸಿಗುವ ಊರು. 200 ಮೀಟರ್ ಏರಿದರೆ ಸಾಮಾನ್ಯವಾಗಿ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಅದು ಎತ್ತರದ ಲೆಕ್ಕ, ಹೊಲದ್ದಲ್ಲ. ಘಾಟ್ ಹತ್ತದೆ ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನದ ಕಡೆಯ ಹೊಲಗಳ ಜೊತೆ ಹೋಲಿಸಿದರೆ ಸರಿಯಾದ ಉತ್ತರ ಸಿಗುತ್ತದೆ.

"ಮತ್ತೇನ ಮಾಡೂದು?" ಅಂತ ಮುಂದಿನ ಪ್ರಶ್ನೆ. ಕಾವನ್ನು ಒಳಗೆ ಬಿಡದಿರುವುದೇ ಒಳ್ಳೆಯದು. ನಾವು ಮಾರ್ಚ್ ಮುಗಿಯುವ ಮೊದಲು ಟೆರೇಸಿಗೆ ಬಿಳಿ ಸುಣ್ಣ ಬಳಿಯುತ್ತೇವೆ. ಬಿಸಿಲು ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ವಾಪಸ್ ಹೋಗುತ್ತದೆ. ಆದರೆ ಧೂಳು ಕೂತಷ್ಟೂ ಅದು ಕಡಿಮೆಯಾಗುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ, ಪ್ರತಿ ವರ್ಷ ಬಳಿಯಲೇಬೇಕು. ಕಿಟಕಿಗಳನ್ನು ಸಂಜೆ ಆರಕ್ಕೇ ತೆರೆಯುವುದಿಲ್ಲ. ಹೊರಗಿನ ಗಾಳಿ ಮನೆಗಿಂತ ತಂಪಾಗಿದೆ ಅಂತ ಬಾಲ್ಕನಿಯಲ್ಲಿ ನಿಂತು ಗೊತ್ತಾದ ಮೇಲೆ, ಎದುರುಬದುರು ಎರಡನ್ನೂ ತೆರೆದು ಬೆಳಗಿನವರೆಗೆ ಹಾಗೇ ಬಿಡುತ್ತೇವೆ.